ಹನ್ನೆರಡು ತಿಂಗಳು, ಒಂದೇ ಬಿಲ್ಲು: ಟ್ಯಾಬ್ ಸಾಲಿನ ಸದ್ದಿಲ್ಲದ ತಪ್ಪುಗಳು

ಒಂದು ಸಂಸ್ಥೆಯ ವಾರ್ಷಿಕ ಖರ್ಚಿನ ಎಕ್ಸೆಲ್ ವರ್ಕ್‌ಬುಕ್ ಪರಿಶೀಲನೆಗೆಂದು ನನ್ನ ಬಳಿ ಬಂದಿತ್ತು. ಜನವರಿಯಿಂದ ಡಿಸೆಂಬರ್‌ವರೆಗೆ ಹನ್ನೆರಡು ಶೀಟ್, ಎಲ್ಲಕ್ಕಿಂತ ಮೊದಲು ‘ಒಟ್ಟು’ ಎಂಬ ಇನ್ನೊಂದು ಶೀಟ್. ವಿದ್ಯುತ್ ಖರ್ಚಿನ ಸಾಲಿನಲ್ಲಿ ವರ್ಷದ ಮೊತ್ತ 64,800 ಎಂದಿತ್ತು. ಅದನ್ನು ಸುಮ್ಮನೆ ಹನ್ನೆರಡರಿಂದ ಭಾಗಿಸಿದೆ. ಶೇಷವಿಲ್ಲದೆ 5,400 ಬಂತು. ತಿಂಗಳ ಶೀಟುಗಳನ್ನು ಒಂದೊಂದಾಗಿ ತೆರೆದರೆ ಎಲ್ಲದರಲ್ಲೂ ಅದೇ 5,400. ವರ್ಷವಿಡೀ ಒಂದೇ ಮೊತ್ತದ ವಿದ್ಯುತ್ ಬಿಲ್ಲು ಬರುವ ಕಟ್ಟಡವನ್ನು ನಾನಿನ್ನೂ ಕಂಡಿಲ್ಲ.

ಆ ಫೈಲನ್ನು ಸಿದ್ಧಪಡಿಸಿದವರನ್ನು ಕೇಳಿದಾಗ ಕಥೆ ಹೊರಬಂತು. ಎಲ್ಲ ತಿಂಗಳ ಶೀಟುಗಳ ತಲೆಬರಹ ಬದಲಿಸಬೇಕಾಗಿತ್ತು. ಜನವರಿ ಟ್ಯಾಬನ್ನು ಒತ್ತಿ, Shift ಹಿಡಿದು ಡಿಸೆಂಬರ್ ಟ್ಯಾಬನ್ನು ಒತ್ತಿದರು. ಹನ್ನೆರಡೂ ಶೀಟುಗಳು ಒಂದು ಗುಂಪಾದವು. ತಲೆಬರಹವನ್ನು ಒಮ್ಮೆ ಟೈಪ್ ಮಾಡಿದರು. ಹನ್ನೆರಡು ಕಡೆ ಬದಲಾಯಿತು. ಅಲ್ಲಿಯವರೆಗೆ ಎಲ್ಲವೂ ಸರಿ. ನಂತರ ಜೂನ್ ಟ್ಯಾಬನ್ನು ಒತ್ತಿ, ತಪ್ಪಾಗಿದ್ದ 4,500 ಎಂಬ ಬಿಲ್ಲನ್ನು 5,400 ಎಂದು ತಿದ್ದಿದರು. ತಿದ್ದುಪಡಿ ಜೂನ್ ಒಂದಕ್ಕೇ ಆಯಿತೆಂದು ಅವರು ನಂಬಿದ್ದರು. ಅದು ಹನ್ನೆರಡೂ ತಿಂಗಳುಗಳ ಬಿಲ್ಲನ್ನು ಅಳಿಸಿ ಅದರ ಮೇಲೆ ಕುಳಿತಿತ್ತು.

‘ಆದರೆ ನಾನು ಬೇರೆ ಟ್ಯಾಬನ್ನು ಒತ್ತಿದೆನಲ್ಲ, ಗುಂಪು ಬಿಟ್ಟುಹೋಗಬೇಕಿತ್ತಲ್ಲವೇ?’ ಎಂದು ಅವರು ಕೇಳಿದರು. ಬಹಳ ಜನ ಎಡವುವುದು ಇಲ್ಲಿಯೇ. ವರ್ಕ್‌ಬುಕ್ಕಿನ ಎಲ್ಲ ಶೀಟುಗಳೂ ಗುಂಪಿನಲ್ಲಿದ್ದರೆ, ಈಗ ಕಾಣುತ್ತಿರುವುದನ್ನು ಬಿಟ್ಟು ಯಾವ ಟ್ಯಾಬನ್ನು ಒತ್ತಿದರೂ ಗುಂಪು ಒಡೆಯುತ್ತದೆ. ಒಂದೇ ಒಂದು ಶೀಟ್ ಹೊರಗುಳಿದಿದ್ದರೂ ನಿಯಮ ಬೇರೆ: ಗುಂಪಿನೊಳಗಿನ ಟ್ಯಾಬನ್ನು ಒತ್ತಿದರೆ ಎಕ್ಸೆಲ್ ಆ ಶೀಟನ್ನು ಮುಂದೆ ತಂದು ತೋರಿಸುತ್ತದೆಯೇ ಹೊರತು ಗುಂಪನ್ನು ಬಿಡುವುದಿಲ್ಲ. ಇವರ ಫೈಲಿನಲ್ಲಿ ‘ಒಟ್ಟು’ ಶೀಟ್ ಹೊರಗಿತ್ತು. ಹಾಗಾಗಿ ಜೂನ್ ಒತ್ತಿದಾಗ ಜೂನ್ ಕಣ್ಣಿಗೆ ಬಿತ್ತು, ಉಳಿದ ಹನ್ನೊಂದು ಬೆನ್ನಿಗೆ ಅಂಟಿಕೊಂಡೇ ಇದ್ದವು. ‘ಒಟ್ಟು’ ಟ್ಯಾಬನ್ನು ಒಮ್ಮೆ ಒತ್ತಿ ನಂತರ ಜೂನ್‌ಗೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ.

ಗುಂಪು ಉಳಿದಿದೆಯೇ ಎಂದು ತಿಳಿಯಲು ಕಿಟಕಿಯ ನೆತ್ತಿಯ ಮೇಲೆ, ಫೈಲಿನ ಹೆಸರಿನ ಪಕ್ಕ ನೋಡಬೇಕು. ಅಲ್ಲಿ ‘Group’ ಎಂಬ ಪದ ಕಾಣುತ್ತದೆ. ಅಷ್ಟು ಸಣ್ಣ ಅಕ್ಷರವನ್ನು ಟೈಪ್ ಮಾಡುವಾಗ ಯಾರು ನೋಡುತ್ತಾರೆ ಎಂಬುದು ನನ್ನ ಹಳೆಯ ತಕರಾರು. ಅದಕ್ಕಿಂತ ಕಣ್ಣಿಗೆ ಬೀಳುವ ಗುರುತು ಕೆಳಗೆ, ಟ್ಯಾಬುಗಳಲ್ಲೇ ಇದೆ: ಗುಂಪಿನಲ್ಲಿರುವ ಟ್ಯಾಬುಗಳೆಲ್ಲ ಒಟ್ಟಿಗೆ ಬಿಳಿಚಿಕೊಂಡಿರುತ್ತವೆ. ‘Conditional Formatting’ ಮುಂತಾದ ಕೆಲವು ಆಯ್ಕೆಗಳು ಮಂಕಾಗಿ, ಒತ್ತಿದರೂ ಕೆಲಸ ಮಾಡದೆ ಇದ್ದರೆ ಅದೂ ಗುಂಪಿನ ಸುಳಿವೇ. ಬಿಡಿಸಲು ಗುಂಪಿನ ಯಾವುದೇ ಟ್ಯಾಬಿನ ಮೇಲೆ ರೈಟ್ ಕ್ಲಿಕ್ ಮಾಡಿ ‘Ungroup Sheets’ ಆರಿಸಿದರೆ ಸಾಕು. ಗುಂಪಿರುವಾಗಲೇ ಫೈಲನ್ನು ಸೇವ್ ಮಾಡಿ ಮುಚ್ಚಿದರೆ, ಮತ್ತೆ ತೆರೆದಾಗಲೂ ಗುಂಪು ಹಾಗೆಯೇ ಇರುತ್ತದೆ. ನೀವು ಕಟ್ಟಿದ ಗುಂಪಿನೊಳಗೆ ಮರುದಿನ ನಿಮ್ಮ ಸಹೋದ್ಯೋಗಿ ಅರಿಯದೆ ಟೈಪ್ ಮಾಡುತ್ತಿರಬಹುದು. ತಪ್ಪು ತಕ್ಷಣ ಗಮನಕ್ಕೆ ಬಂದರೆ Ctrl+Z ಒತ್ತಿದಾಗ ಹನ್ನೆರಡೂ ಕಡೆ ಹಳೆಯ ಅಂಕಿ ಮರಳುತ್ತದೆ. ಫೈಲ್ ಮುಚ್ಚಿದ ಮೇಲೆ ಆ ದಾರಿಯಿಲ್ಲ. ನಾನು ಕಂಡ ಪ್ರಕರಣದಲ್ಲಿ ಕೊನೆಗೆ ಕಾಗದದ ಬಿಲ್ಲುಗಳನ್ನು ಹುಡುಕಿ ತೆಗೆದು ಹನ್ನೊಂದು ಅಂಕಿಗಳನ್ನು ಮತ್ತೆ ತುಂಬಬೇಕಾಯಿತು.

ಇಷ್ಟಾದರೂ ಗುಂಪು ಮಾಡಲೇಬೇಡಿ ಎಂದು ನಾನು ಹೇಳುವುದಿಲ್ಲ. ಒಂದೇ ನಮೂನೆಯ ಹನ್ನೆರಡು ಶೀಟುಗಳಿಗೆ ತಲೆಬರಹ ಹಾಕಲು, ಕಾಲಂ ಅಗಲಿಸಲು, ಹೊಸ ಸಾಲು ಸೇರಿಸಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ನನ್ನದೊಂದೇ ಕಟ್ಟುಪಾಡು: ಗುಂಪಿನಲ್ಲಿ ಅಕ್ಷರ ಮತ್ತು ಆಕಾರವನ್ನು ಮಾತ್ರ ಮುಟ್ಟುತ್ತೇನೆ, ಅಂಕಿಯನ್ನು ಮುಟ್ಟುವುದಿಲ್ಲ.

ಟ್ಯಾಬುಗಳ ವಿಷಯದಲ್ಲಿ ನಾನು ಬೇರೆಯವರ ಫೈಲುಗಳಲ್ಲಿ ಹುಡುಕುವ ಎರಡನೆಯ ತಪ್ಪು ಶೀಟುಗಳ ಕ್ರಮದ್ದು. ಟ್ಯಾಬನ್ನು ಎಡಕ್ಕೋ ಬಲಕ್ಕೋ ಎಳೆಯುವುದು ಬರಿಯ ಅಚ್ಚುಕಟ್ಟಿನ ಕೆಲಸವೆಂದು ಬಹಳ ಜನ ತಿಳಿದಿದ್ದಾರೆ. ‘ಒಟ್ಟು’ ಶೀಟಿನಲ್ಲಿ ಇಂಥ ಸೂತ್ರವಿದ್ದರೆ ಅದು ಬರಿಯ ಅಚ್ಚುಕಟ್ಟಲ್ಲ:

```
=SUM('ಜನವರಿ:ಡಿಸೆಂಬರ್'!B3)
```

ಪ್ರತಿ ತಿಂಗಳ ಶೀಟಿನಲ್ಲಿ ಆ ತಿಂಗಳ ಮೊತ್ತ B3ರಲ್ಲಿದೆ ಎಂದಿಟ್ಟುಕೊಳ್ಳಿ. ಜನವರಿ ಟ್ಯಾಬಿನಿಂದ ಡಿಸೆಂಬರ್ ಟ್ಯಾಬಿನವರೆಗೆ ಸಾಲಿನಲ್ಲಿ ಯಾವ ಯಾವ ಶೀಟುಗಳಿವೆಯೋ ಅವೆಲ್ಲದರ B3ಯನ್ನು ಕೂಡಿಸು ಎಂಬುದು ಸೂತ್ರದ ಅರ್ಥ. ಎಕ್ಸೆಲ್‌ಗೆ ತಿಂಗಳ ಹೆಸರಿನ ಅರ್ಥ ತಿಳಿಯದು, ಟ್ಯಾಬಿನ ಜಾಗ ಮಾತ್ರ ತಿಳಿದಿದೆ. ಸೆಪ್ಟೆಂಬರ್ ಟ್ಯಾಬನ್ನು ಎಳೆದು ಡಿಸೆಂಬರ್‌ನ ಆಚೆ ಬಿಟ್ಟರೆ ಸೆಪ್ಟೆಂಬರ್ ಖರ್ಚು ವರ್ಷದ ಮೊತ್ತದಿಂದ ಜಾರಿಹೋಗುತ್ತದೆ. ಎಚ್ಚರಿಕೆಯೂ ಬರುವುದಿಲ್ಲ, ಸೆಲ್‌ನಲ್ಲಿ ದೋಷದ ಗುರುತೂ ಕಾಣುವುದಿಲ್ಲ. ಡಿಸೆಂಬರ್ ಟ್ಯಾಬನ್ನೇ ಎಳೆದು ಮಾರ್ಚ್ ಪಕ್ಕಕ್ಕೆ ತಂದರೆ ಏಪ್ರಿಲ್‌ನಿಂದ ನವೆಂಬರ್‌ವರೆಗಿನ ಎಂಟು ತಿಂಗಳು ಒಮ್ಮೆಗೇ ಹೊರಬೀಳುತ್ತವೆ.

ಹೊಸ ಶೀಟ್ ಸೇರಿಸುವಾಗಲೂ ಇದೇ ತೊಡಕು. ಟ್ಯಾಬ್ ಸಾಲಿನ + ಗುರುತನ್ನು ಒತ್ತಿದರೆ ಹೊಸ ಶೀಟ್ ಈಗ ತೆರೆದಿರುವ ಶೀಟಿನ ಬಲಕ್ಕೆ ಬರುತ್ತದೆ, Shift+F11 ಒತ್ತಿದರೆ ಎಡಕ್ಕೆ. ಡಿಸೆಂಬರ್ ತೆರೆದಿಟ್ಟುಕೊಂಡು + ಒತ್ತಿದರೆ ಹೊಸ ಶೀಟ್ ಲೆಕ್ಕದ ಹೊರಗೆ, Shift+F11 ಒತ್ತಿದರೆ ಲೆಕ್ಕದ ಒಳಗೆ. Ctrl ಹಿಡಿದು ಟ್ಯಾಬನ್ನು ಎಳೆದರೆ ನಕಲು ಆಗುತ್ತದೆಂದು ಗೊತ್ತಿರುವವರು ಇನ್ನೊಂದನ್ನು ಗಮನಿಸಬೇಕು: ಮೌಸ್ ಬಿಡುವ ಮೊದಲೇ Ctrl ಬಿಟ್ಟರೆ ನಕಲಾಗುವುದಿಲ್ಲ, ಮೂಲ ಶೀಟೇ ಜಾಗ ಬದಲಿಸುತ್ತದೆ. ನಕಲು ಸರಿಯಾಗಿಯೇ ಆದರೂ ‘ಸೆಪ್ಟೆಂಬರ್ (2)’ ಎಂಬ ಶೀಟ್ ಸಾಲಿನ ನಡುವೆ ಕುಳಿತು ಸೆಪ್ಟೆಂಬರ್ ಖರ್ಚು ಎರಡು ಸಲ ಸೇರಿಕೊಳ್ಳುತ್ತದೆ.

ಇದಕ್ಕೆ ನಾನು ಮಾಡುವುದು ಸರಳ. ಜನವರಿಯ ಮೊದಲು ‘ಆರಂಭ’, ಡಿಸೆಂಬರ್‌ನ ನಂತರ ‘ಅಂತ್ಯ’ ಎಂದು ಎರಡು ಖಾಲಿ ಶೀಟುಗಳನ್ನು ಇಡುತ್ತೇನೆ. ಅವುಗಳಲ್ಲಿ ಒಂದಕ್ಷರವನ್ನೂ ಬರೆಯುವುದಿಲ್ಲ. ಗುಂಪು ಮಾಡುವಾಗ ಅವನ್ನು ಸೇರಿಸುವುದೂ ಇಲ್ಲ. ಸೂತ್ರ ಈ ಎರಡು ಗಡಿಕಲ್ಲುಗಳ ನಡುವಿನದನ್ನು ಕೂಡಿಸುತ್ತದೆ. ಜೊತೆಗೆ ‘ಒಟ್ಟು’ ಶೀಟಿನಲ್ಲಿ ಎರಡು ಕಾವಲು ಸೂತ್ರಗಳಿರುತ್ತವೆ:

```
=COUNT('ಆರಂಭ:ಅಂತ್ಯ'!B3)
=MAX('ಆರಂಭ:ಅಂತ್ಯ'!B9)=MIN('ಆರಂಭ:ಅಂತ್ಯ'!B9)
```

ಮೊದಲನೆಯದರ ಉತ್ತರ 12 ಇರಬೇಕು. 11 ಬಂದರೆ ಯಾವುದೋ ತಿಂಗಳು ಗಡಿ ದಾಟಿದೆ, 13 ಬಂದರೆ ನಕಲೊಂದು ಒಳಗೆ ನುಸುಳಿದೆ. ಎರಡನೆಯದು ವಿದ್ಯುತ್ ಬಿಲ್ಲಿನ B9 ಸೆಲ್‌ಗೆ. ಎಲ್ಲ ತಿಂಗಳಲ್ಲೂ ಒಂದೇ ಅಂಕಿಯಿದ್ದರೆ TRUE ಎಂದು ತೋರಿಸುತ್ತದೆ. ಬಾಡಿಗೆಯಂಥ ಸಾಲಿನಲ್ಲಿ TRUE ಬಂದರೆ ಚಿಂತೆಯಿಲ್ಲ. ವಿದ್ಯುತ್ತಿನಲ್ಲಿ ಬಂದರೆ ನಾನು ಮೊದಲು ಹೇಳಿದ ಕಥೆ ಮತ್ತೆ ನಡೆದಿದೆ ಎಂದೇ ಅರ್ಥ.

ಈ ಬಗೆಯ ಸೂತ್ರಕ್ಕೆ ಒಂದು ಮಿತಿ ಇದೆ. ಅದು ಪ್ರತಿ ಶೀಟಿನಲ್ಲೂ ಅದೇ ವಿಳಾಸದ ಸೆಲ್ಲನ್ನು ಓದುತ್ತದೆ. ಮೇ ಶೀಟಿನಲ್ಲಿ ಮಾತ್ರ ನಡುವೆ ಒಂದು ಸಾಲು ಸೇರಿಸಿದರೆ ಅಲ್ಲಿಂದ ಕೆಳಗಿನದೆಲ್ಲ ಒಂದು ಮೆಟ್ಟಿಲು ಇಳಿಯುತ್ತದೆ, ಸೂತ್ರ ಹಳೆಯ ಜಾಗವನ್ನೇ ನೋಡುತ್ತಿರುತ್ತದೆ. ತಿಂಗಳ ಮೊತ್ತವನ್ನು ಶೀಟಿನ ತಳದಲ್ಲಿಡದೆ ಮೇಲೆ B3ರಲ್ಲಿ ಇಡುವುದು ಇದೇ ಕಾರಣಕ್ಕೆ. ಕೆಳಗೆ ಎಷ್ಟು ಸಾಲು ಸೇರಿದರೂ ಅದು ಕದಲುವುದಿಲ್ಲ.

ಹೆಸರು ಬದಲಿಸುವುದು ಇವೆರಡಕ್ಕಿಂತ ಕಡಿಮೆ ಅಪಾಯದ್ದು, ಏಕೆಂದರೆ ಅಲ್ಲಿನ ತಪ್ಪು ಸಾಮಾನ್ಯವಾಗಿ ಕೂಗಿ ಹೇಳುತ್ತದೆ. ಟ್ಯಾಬಿನ ಮೇಲೆ ಎರಡು ಸಲ ಒತ್ತಿ ಹೊಸ ಹೆಸರು ಬರೆದರೆ ಅದೇ ವರ್ಕ್‌ಬುಕ್ಕಿನ ಸಾಮಾನ್ಯ ಸೂತ್ರಗಳು ತಾವಾಗಿಯೇ ಹೊಸ ಹೆಸರಿಗೆ ಹೊಂದಿಕೊಳ್ಳುತ್ತವೆ. ಹೊಂದಿಕೊಳ್ಳದಿರುವುದು ಹೆಸರನ್ನು ಪಠ್ಯವಾಗಿ ಇಟ್ಟುಕೊಂಡ ಸೂತ್ರ. A5ರಲ್ಲಿ ತಿಂಗಳ ಹೆಸರಿದ್ದು ಸೂತ್ರ ಹೀಗಿದೆ ಎನ್ನಿ:

```
=INDIRECT("'"&A5&"'!B3")
```

ಟ್ಯಾಬಿನ ಹೆಸರನ್ನು ‘ಜನವರಿ’ಯಿಂದ ‘ಜನವರಿ ಅಂತಿಮ’ ಎಂದು ಬದಲಿಸಿದ ಕೂಡಲೇ ಇದು #REF! ಎಂದು ತೋರಿಸುತ್ತದೆ. A5ರಲ್ಲಿನ ಹೆಸರನ್ನೂ ತಿದ್ದಿದರೆ ಸರಿಹೋಗುತ್ತದೆ.

ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೊಂದು ಮಾತು. ಶೀಟಿನ ಹೆಸರು 31 ಅಕ್ಷರ ಮೀರುವಂತಿಲ್ಲ, ಮತ್ತು ಎಕ್ಸೆಲ್ ಅಕ್ಷರಗಳನ್ನು ಎಣಿಸುವ ರೀತಿ ನಮ್ಮದಲ್ಲ. ಗುಣಿತದ ಚಿಹ್ನೆ, ಸೊನ್ನೆ, ಅರ್ಧಾಕ್ಷರದ ಗುರುತು ಎಲ್ಲವೂ ಬೇರೆ ಬೇರೆ ಅಕ್ಷರಗಳಾಗಿ ಲೆಕ್ಕಕ್ಕೆ ಬರುತ್ತವೆ. ‘ಡಿಸೆಂಬರ್’ ಕಣ್ಣಿಗೆ ನಾಲ್ಕೇ ಅಕ್ಷರದಂತೆ ಕಂಡರೂ ಅದು 8. ಉದ್ದದ ಹೆಸರು ಟೈಪ್ ಮಾಡುವಾಗ ನಡುವೆಯೇ ಕೀಬೋರ್ಡ್ ನಿಂತಂತಾದರೆ ಕಾರಣ ಇದು. 31/12 ಎಂದು ದಿನಾಂಕ ಬರೆಯುವುದಕ್ಕೂ ಆಗುವುದಿಲ್ಲ. ಹೆಸರಿನಲ್ಲಿ `/ \ ? * : [ ]` ಚಿಹ್ನೆಗಳಿಗೆ ಅವಕಾಶವಿಲ್ಲ.

ಇನ್ನು ಬಣ್ಣ. ರೈಟ್ ಕ್ಲಿಕ್ ಮಾಡಿ ‘Tab Color’ನಲ್ಲಿ ಆರಿಸಿದರಾಯಿತು, ಗುಂಪು ಮಾಡಿ ಹಚ್ಚಿದರೆ ಎಲ್ಲಕ್ಕೂ ಒಟ್ಟಿಗೆ ಬರುತ್ತದೆ. ಹಚ್ಚಿದ ಬಣ್ಣ ತೆಳುವಾಗಿ ಕಂಡರೆ ಗಾಬರಿ ಬೇಡ, ಬೇರೆ ಟ್ಯಾಬಿಗೆ ಹೋದಾಗ ಪೂರ್ತಿ ಕಾಣುತ್ತದೆ. ಬಣ್ಣ ಯಾವ ಲೆಕ್ಕವನ್ನೂ ಬದಲಿಸುವುದಿಲ್ಲ, ಹಾಗಾಗಿ ಅದನ್ನು ಮನುಷ್ಯರಿಗೆ ಮಾತ್ರ ಬಳಸುತ್ತೇನೆ. ಪ್ರತಿ ತಿಂಗಳಿಗೆ ಒಂದೊಂದು ಬಣ್ಣ ಬಳಿದ ಫೈಲುಗಳು ಚಂದ ಕಾಣಬಹುದು, ಏನನ್ನೂ ಹೇಳುವುದಿಲ್ಲ. ನನಗೆ ಮೂರೇ ಸಾಕು: ‘ಆರಂಭ’, ‘ಅಂತ್ಯ’ ಎರಡಕ್ಕೂ ಕಪ್ಪು, ಲೆಕ್ಕ ಮುಗಿದು ತಾಳೆಯಾದ ತಿಂಗಳಿಗೆ ಹಸಿರು, ಬಿಲ್ಲು ಬಾಕಿಯಿರುವ ತಿಂಗಳಿಗೆ ಕೆಂಪು.

ಎಲ್ಲ ಜೋಡಿಸಿ ಮುಗಿದ ಮೇಲೆ ‘Review’ ಅಡಿಯ ‘Protect Workbook’ನಲ್ಲಿ ‘Structure’ ಗುರುತಿಸಿ ಬೀಗ ಹಾಕುತ್ತೇನೆ. ಅಲ್ಲಿಂದ ಮುಂದೆ ಟ್ಯಾಬುಗಳನ್ನು ಎಳೆಯಲು, ಸೇರಿಸಲು, ಅಳಿಸಲು, ಹೆಸರು ಬದಲಿಸಲು ಬೀಗ ತೆಗೆಯಲೇಬೇಕು. ಆದರೆ ಈ ಬೀಗ ಗುಂಪು ಮಾಡುವುದನ್ನು ತಡೆಯುವುದಿಲ್ಲ. ಜೂನ್ ಬಿಲ್ಲನ್ನು ತಿದ್ದಲು ಹೊರಟವರು ಮೊದಲು ‘ಒಟ್ಟು’ ಟ್ಯಾಬನ್ನು ಒಮ್ಮೆ ಒತ್ತಿಯೇ ಹೋಗಬೇಕು.