x ಎಲ್ಲಿಗೆ ಹೋಗುತ್ತದೆ ಎಂದು ಹೇಳಿದರೆ ಸಾಕು, ಯಾಕೆ?

ಆಲ್ಜೀಬ್ರಾ ಓದುವವರಿಗೆ ಇಂಥ ಸಾಲು ಆಗಾಗ ಎದುರಾಗುತ್ತದೆ: "ℤ[x] ಇಂದ ℤ/5 ಗೆ, x ಅನ್ನು 2 ಕ್ಕೆ ಕಳಿಸುವ ಹೋಮೊಮಾರ್ಫಿಸಮ್ ತೆಗೆದುಕೊಳ್ಳಿ." ಅಷ್ಟೇ, ಮುಂದೆ ಮಾತಿಲ್ಲ. ಹೋಮೊಮಾರ್ಫಿಸಮ್ ಅಂದರೆ ಕೂಡಿಸುವುದನ್ನೂ ಗುಣಿಸುವುದನ್ನೂ ಕಾಪಾಡುತ್ತ ಒಂದು ಸಂಖ್ಯಾಲೋಕದಿಂದ ಇನ್ನೊಂದಕ್ಕೆ ಕಳಿಸುವ ನಿಯಮ. ℤ/5 ಅಂದರೆ 5 ರಿಂದ ಭಾಗಿಸಿದಾಗ ಉಳಿಯುವ ಶೇಷಗಳ ಲೋಕ, 0 ಇಂದ 4 ರವರೆಗೆ. ℤ[x] ಅಂದರೆ ಪೂರ್ಣಾಂಕಗಳೇ ಸಹಗುಣಕಗಳಾಗಿರುವ ಎಲ್ಲ ಬಹುಪದೋಕ್ತಿಗಳು. ಅಲ್ಲಿ x³ + 4 ಇದೆ, 7x² − x ಇದೆ, ಇನ್ನೂ ಕೊನೆಯಿಲ್ಲದಷ್ಟು ಇವೆ. ಅವು ಎಲ್ಲಿಗೆ ಹೋಗುತ್ತವೆ ಎಂದು ಯಾರೂ ಹೇಳಲಿಲ್ಲ, ಅಲ್ವಾ? ಆದರೂ ಆ ಒಂದು ಸಾಲು ಸಾಕು. ಅದು ಯಾಕೆ ಸಾಕು ಎಂಬುದು ಸ್ಪಷ್ಟವಾಗಲು ಸುಮಾರು ನೂರು ವರ್ಷ ಹಿಡಿಯಿತು.

ಕಥೆಯನ್ನು ನಾನು 1847 ರಿಂದ ಶುರುಮಾಡುತ್ತೇನೆ. ಫ್ರಾನ್ಸಿನ ಗಣಿತಜ್ಞ ಕೋಶಿಗೆ −1 ರ ವರ್ಗಮೂಲ ಸಮಾಧಾನ ಕೊಟ್ಟಿರಲಿಲ್ಲ. ಇಲ್ಲದ ಸಂಖ್ಯೆಯೊಂದನ್ನು ಇದೆ ಎಂದುಕೊಳ್ಳುವ ಬದಲು ಅವರು ಬೇರೆ ದಾರಿ ಹಿಡಿದರು. ಒಂದು ಅಕ್ಷರದ ಬಹುಪದೋಕ್ತಿಗಳನ್ನು ತೆಗೆದುಕೊಳ್ಳಿ, x² + 1 ರಿಂದ ಭಾಗಿಸಿ, ಶೇಷವನ್ನು ಮಾತ್ರ ಇಟ್ಟುಕೊಳ್ಳಿ. ಉದಾಹರಣೆಗೆ (1 + x) ಮತ್ತು (2 + 3x) ಗುಣಿಸಿದರೆ 3x² + 5x + 2 ಬರುತ್ತದೆ. x² + 1 ರಿಂದ ಭಾಗಿಸಿದಾಗ ಉಳಿಯುವ ಶೇಷ −1 + 5x. ಇತ್ತ (1 + i)(2 + 3i) ಗುಣಿಸಿದರೂ ಸಿಗುವುದು −1 + 5i. ಅಂದರೆ i ಎಂಬುದು x ನ ನೆರಳು. 1880 ರ ದಶಕದಲ್ಲಿ ಕ್ರೋನೆಕರ್ ಇದೇ ಉಪಾಯವನ್ನು ಬೇರೆ ಸಮೀಕರಣಗಳಿಗೂ ವಿಸ್ತರಿಸಿದರು. ಸಮೀಕರಣಕ್ಕೆ ಮೂಲ ಹುಡುಕಿಕೊಂಡು ಹೊರಗೆ ಹೋಗಬೇಕಿಲ್ಲ, ಬಹುಪದೋಕ್ತಿಗಳಿಂದಲೇ ಕಟ್ಟಬಹುದು.

ಆದರೆ ಇಲ್ಲೊಂದು ಪ್ರಶ್ನೆ ಉಳಿಯಿತು. x ಅಂದರೆ ಏನು? ಶಾಲೆಯಲ್ಲಿ ನಾವು ಬಹುಪದೋಕ್ತಿಯನ್ನು ಒಂದು ಫಂಕ್ಷನ್ ಎಂದು ನೋಡುತ್ತೇವೆ: x ಗೆ ಬೆಲೆ ಹಾಕು, ಉತ್ತರ ತೆಗೆ. ಈ ನೋಟ ಎಲ್ಲಿ ಮುರಿಯುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಇಡೀ ವಿಷಯದ ಗಂಟು ಇಲ್ಲೇ ಇದೆ.

ಸಂಖ್ಯೆಗಳು 0 ಮತ್ತು 1 ಎರಡೇ ಇರುವ ℤ/2 ತೆಗೆದುಕೊಳ್ಳಿ. ಅಲ್ಲಿ 1 + 1 = 0. ಈಗ x² + x ನೋಡಿ. 0 ಹಾಕಿದರೆ 0, 1 ಹಾಕಿದರೂ 0. ಫಂಕ್ಷನ್ ಆಗಿ ನೋಡಿದರೆ ಇದು ಸೊನ್ನೆಯೇ. ಆದರೆ 1830 ರಲ್ಲೇ ಗಾಲ್ವಾ ಇಂಥ ಚಿಕ್ಕ ಸಂಖ್ಯಾಲೋಕಗಳಿಗೆ ಹೊಸ ಮೂಲಗಳನ್ನು ಸೇರಿಸಿದ್ದರು. ಅದೇ ರೀತಿ ℤ/2 ಗೆ α² + α + 1 = 0 ಆಗುವಂಥ α ಒಂದನ್ನು ಸೇರಿಸಿದರೆ ನಾಲ್ಕು ಅಂಶಗಳ ಲೋಕ ಸಿಗುತ್ತದೆ. ಅಲ್ಲಿ α² + α = 1. ಈಗ x ಅನ್ನು α ಗೆ ಕಳಿಸಿ ನೋಡಿ. x² + x ಸೊನ್ನೆ ಎಂದು ಒಪ್ಪಿದ್ದರೆ ಅದು 0 ಗೆ ಹೋಗಬೇಕು. ಲೆಕ್ಕ ಹಾಕಿದರೆ 1 ಗೆ ಹೋಗುತ್ತದೆ. ನಿಯಮ ಅಲ್ಲೇ ಕುಸಿಯಿತು.

ಹಾಗಾಗಿ x ಅನ್ನು ಎಲ್ಲಿಗೆ ಬೇಕಾದರೂ ಕಳಿಸಬೇಕಾದರೆ, x ಮೇಲೆ ಮೊದಲೇ ಯಾವ ಒಪ್ಪಂದವೂ ಇರಕೂಡದು. x² + x ಅನ್ನು x² + x ಆಗಿಯೇ ಬಿಡಬೇಕು. 1910 ರಲ್ಲಿ ಸ್ಟೈನಿಟ್ಸ್ ಫೀಲ್ಡ್‌ಗಳ ಬಗ್ಗೆ, 1914 ರಲ್ಲಿ ಫ್ರೆಂಕೆಲ್ ಕೂಡಿಸುವುದು, ಕಳೆಯುವುದು, ಗುಣಿಸುವುದು ನಡೆಯುವ ಲೋಕಗಳಾದ ರಿಂಗ್‌ಗಳ ಬಗ್ಗೆ, 1920 ರ ದಶಕದಲ್ಲಿ ಎಮ್ಮಿ ನೋಥರ್ ಐಡಿಯಲ್‌ಗಳ ಬಗ್ಗೆ ಬರೆದಂತೆ ಈ ಹೊಸ ನೋಟ ಗಟ್ಟಿಯಾಯಿತು. ಬಹುಪದೋಕ್ತಿ ಅಂದರೆ ಸಹಗುಣಕಗಳ ಸಾಲು. x ಅಂದರೆ (0, 1, 0, 0, …) ಎಂಬ ಸಾಲು.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಸುಲಭ. φ ಎಂಬುದು R ರಿಂಗ್‌ನಿಂದ S ರಿಂಗ್‌ಗೆ ಹೋಮೊಮಾರ್ಫಿಸಮ್ ಆಗಿರಲಿ, s ಎಂಬುದು S ನ ಯಾವುದೋ ಒಂದು ಅಂಶ ಆಗಿರಲಿ. R ಮೇಲೆ φ ಅನ್ನೇ ಉಳಿಸಿಕೊಂಡು, x ಅನ್ನು s ಗೆ ಕಳಿಸಬೇಕು. ಕೂಡಿಸುವುದನ್ನೂ ಗುಣಿಸುವುದನ್ನೂ ಕಾಪಾಡಬೇಕಾದ್ದರಿಂದ x² ಹೋಗುವ ಜಾಗ s², ax² ಹೋಗುವ ಜಾಗ φ(a)s². ಬೇರೆ ಆಯ್ಕೆಯೇ ಇಲ್ಲ. ಅಂಥ ಹೋಮೊಮಾರ್ಫಿಸಮ್ ಇದ್ದರೆ ಒಂದೇ ಇರಲು ಸಾಧ್ಯ. ಇದೆಯೇ ಎಂದು ನೋಡಲು ಗುಣಾಕಾರವನ್ನು ಪರೀಕ್ಷಿಸಬೇಕು. ax ಮತ್ತು bx ಗುಣಿಸಿದರೆ abx². ಇದು φ(a)φ(b)s² ಗೆ ಹೋಗುತ್ತದೆ. ಬೇರೆಬೇರೆಯಾಗಿ ಕಳಿಸಿ ಗುಣಿಸಿದರೆ φ(a)sφ(b)s. ಎರಡೂ ಒಂದೇ ಆಗಬೇಕಾದರೆ s ಮತ್ತು φ(b) ಜಾಗ ಬದಲಿಸಿದರೂ ಗುಣಲಬ್ಧ ಬದಲಾಗಬಾರದು.

ಈ ಕೊನೆಯ ಮಾತನ್ನು ಅನೇಕರು ಓದಿ ದಾಟಿಬಿಡುತ್ತಾರೆ, ನನಗೆ ಅದು ಬೇಸರ. 1843 ರಲ್ಲಿ ಹ್ಯಾಮಿಲ್ಟನ್ ಕಂಡುಹಿಡಿದ ಕ್ವಾಟರ್ನಿಯನ್‌ಗಳಲ್ಲಿ ij = k, ಆದರೆ ji = −k. ಬಹುಪದೋಕ್ತಿಗಳಲ್ಲಿ xj ಮತ್ತು jx ಒಂದೇ. x ಅನ್ನು i ಗೆ ಕಳಿಸಿದರೆ k ಮತ್ತು −k ಒಂದೇ ಆಗಬೇಕಾಗುತ್ತದೆ, ಅದು ಆಗದ ಮಾತು. S ನಲ್ಲಿ ಗುಣಾಕಾರದ ಕ್ರಮ ಬದಲಿಸಬಹುದಾದರೆ ಈ ತೊಂದರೆಯೇ ಇಲ್ಲ.

ಕೋಶಿಯ i ಗೆ ಮರಳೋಣ. a + bi ರೂಪದ, a ಮತ್ತು b ಪೂರ್ಣಾಂಕಗಳಾಗಿರುವ ಸಂಖ್ಯೆಗಳು ℤ[i]. ಇದು ℤ[x] ಅನ್ನು x² + 1 ರಿಂದ ಭಾಗಿಸಿದಾಗ ಸಿಗುವ ಶೇಷಗಳ ರಿಂಗ್. ℤ[i] ಇಂದ ℤ/5 ಗೆ ಎಷ್ಟು ಹೋಮೊಮಾರ್ಫಿಸಮ್‌ಗಳಿವೆ? 1 ಹೋಗುವುದು 1 ಕ್ಕೆ, ಹಾಗಾಗಿ ಪೂರ್ಣಾಂಕಗಳ ದಾರಿ ಮೊದಲೇ ನಿಶ್ಚಿತ. ಆಯ್ಕೆ ಇರುವುದು i ಗೆ ಮಾತ್ರ. ಆದರೆ ಇಲ್ಲಿ x ನ ಸ್ವಾತಂತ್ರ್ಯ ಪೂರ್ತಿ ಇಲ್ಲ. x² + 1 ಸೊನ್ನೆ ಎಂಬ ಒಪ್ಪಂದ ಆಗಿಹೋಗಿದೆ. ಹಾಗಾಗಿ ಅದರ ಬಿಂಬವೂ ಸೊನ್ನೆ ಆಗಬೇಕು, ಅಂದರೆ ನಾವು ಆರಿಸುವ ಅಂಶದ ವರ್ಗ −1, ಅಂದರೆ 4 ಆಗಬೇಕು. 0, 1, 2, 3, 4 ಒಂದೊಂದನ್ನೇ ವರ್ಗ ಮಾಡಿದರೆ 0, 1, 4, 4, 1. ಸರಿಹೊಂದುವುದು 2 ಮತ್ತು 3. ಹಾಗಾಗಿ ಸರಿಯಾಗಿ ಎರಡು ಹೋಮೊಮಾರ್ಫಿಸಮ್‌ಗಳಿವೆ.

i ಅನ್ನು 2 ಕ್ಕೆ ಕಳಿಸಿ ನೋಡಿ. 1 + i ಹೋಗುವುದು 3 ಕ್ಕೆ. 2 + 3i ಹೋಗುವುದು 8 ಕ್ಕೆ, ಅಂದರೆ 3 ಕ್ಕೆ. ಗುಣಿಸಿದರೆ 9, ಅಂದರೆ 4. ಇವುಗಳ ಗುಣಲಬ್ಧ −1 + 5i ಆಗಿತ್ತಲ್ಲ, ಅದು ಹೋಗುವುದು −1 + 10 ಕ್ಕೆ, ಅದೂ 4. ಅದೇ i ಅನ್ನು 1 ಕ್ಕೆ ಕಳಿಸಿದರೆ i·i ಹೋಗುವುದು 1 ಕ್ಕೆ, −1 ಹೋಗುವುದು 4 ಕ್ಕೆ, ಎರಡೂ ಕೂಡುವುದಿಲ್ಲ. ಕಲಿಯುವವರು ಜಾಸ್ತಿ ಎಡವುವುದು ಇಲ್ಲೇ: ಚರಾಕ್ಷರಕ್ಕೆ ಬಿಂಬ ಆರಿಸುತ್ತಾರೆ, ಒಪ್ಪಂದ ಉಳಿಯಿತೇ ಎಂದು ನೋಡುವುದಿಲ್ಲ. ಇದನ್ನೇ ℤ/7 ಗೆ ಮಾಡಿದರೆ ವರ್ಗಗಳು 0, 1, 2, 4 ಮಾತ್ರ. −1 ಅಂದರೆ 6 ಅಲ್ಲಿಲ್ಲ. ಹಾಗಾಗಿ ಒಂದೂ ಹೋಮೊಮಾರ್ಫಿಸಮ್ ಇಲ್ಲ.

1948 ರಲ್ಲಿ ಪಿಯರ್ ಸ್ಯಾಮ್ಯುಯೆಲ್ ಈ ಬಗೆಯ ಸಂಗತಿಗಳನ್ನೆಲ್ಲ ಒಂದೇ ಚೌಕಟ್ಟಿನಲ್ಲಿ ಇಟ್ಟು ಪ್ರಬಂಧ ಬರೆದರು. x ಗೆ ಬಿಂಬ ಆರಿಸಿದರೆ ಹೋಮೊಮಾರ್ಫಿಸಮ್ ಒಂದೇ ಒಂದು ಸಿಗುತ್ತದೆ ಎಂಬಂಥ ಗುಣವನ್ನೇ ನಾವು ಈಗ ಸಾರ್ವತ್ರಿಕ ಗುಣ ಎನ್ನುವುದು. ಆಮೇಲೆ ಪ್ರಶ್ನೆಯೇ ತಿರುಗಿತು. ಸಾಲುಗಳಿಂದ R[x] ಕಟ್ಟಿ ಈ ಗುಣ ಸಾಧಿಸುವ ಬದಲು, ಈ ಗುಣವನ್ನೇ R[x] ನ ವ್ಯಾಖ್ಯೆ ಮಾಡಬಹುದು. ಒಬ್ಬರು x ಇಟ್ಟುಕೊಂಡು, ಇನ್ನೊಬ್ಬರು y ಇಟ್ಟುಕೊಂಡು ಈ ಗುಣವಿರುವ ಎರಡು ರಿಂಗ್ ಕಟ್ಟಿದ್ದಾರೆ ಎಂದುಕೊಳ್ಳಿ. x ಅನ್ನು y ಗೆ ಕಳಿಸಿ, y ಅನ್ನು ವಾಪಸ್ x ಗೆ ಕಳಿಸಿ. ಹೋಗಿಬಂದ ಮೇಲೆ x ತನ್ನ ಜಾಗದಲ್ಲೇ ಇದೆ. ಆದರೆ x ಅನ್ನು x ಗೇ ಕಳಿಸಿ, R ಅನ್ನು ಮುಟ್ಟದೆ ಬಿಡುವ ಹೋಮೊಮಾರ್ಫಿಸಮ್ ಒಂದೇ ಒಂದು, ಏನನ್ನೂ ಬದಲಿಸದ ಅದು. ಆ ಕಡೆಯಿಂದ ಹೊರಟರೂ ಇದೇ ಮಾತು. ಹಾಗಾಗಿ ಎರಡೂ ರಿಂಗ್‌ಗಳ ರಚನೆ ಒಂದೇ, x ಅನ್ನು ಯಾರು ಯಾವುದರಿಂದ ಮಾಡಿದ್ದರೂ ಸರಿ.