ಎರಡನೇ ಕಾಮನಬಿಲ್ಲಿನ ಬಣ್ಣ ಯಾಕೆ ಉಲ್ಟಾ?

ದಾವಣಗೆರೆಯಿಂದ ಅಕ್ಕನ ಮಗ ಒಂದು ಫೋಟೊ ಕಳಿಸಿದ್ದ. ಅಕ್ಟೋಬರ್ ಮಧ್ಯದ ಒಂದು ಸಂಜೆ, ಐದೂವರೆ ಹೊತ್ತು. ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋಗಿದ್ದಾನೆ. ಮಳೆ ಆಗಷ್ಟೇ ಪೂರ್ವಕ್ಕೆ ಸರಿದಿದೆ. ಅಲ್ಲಿ ಒಂದರ ಮೇಲೊಂದು ಎರಡು ಕಾಮನಬಿಲ್ಲು. ‘ಮಾವ, ಮೇಲಿಂದು ಕೆಳಗಿನದರ ಪ್ರತಿಬಿಂಬ ಅಲ್ವಾ?’ ಅಂತ ಕೇಳಿದ್ದ.

ಅಲ್ಲ. ಫೋಟೊ ದೊಡ್ಡದು ಮಾಡಿ ನೋಡು ಅಂದೆ. ಕೆಳಗಿನ ಬಿಲ್ಲಿನಲ್ಲಿ ಕೆಂಪು ಹೊರಗೆ, ನೇರಳೆ ಒಳಗೆ. ಮೇಲಿನದರಲ್ಲಿ ಉಲ್ಟಾ. ಎರಡರ ಕೆಂಪೂ ಎದುರುಬದುರು ನಿಂತಿವೆ. ಅವುಗಳ ನಡುವಿನ ಆಕಾಶ ಸುತ್ತಲಿನದಕ್ಕಿಂತ ಕಪ್ಪಗಿದೆ. ಕೆಳಗಿನ ಬಿಲ್ಲಿನ ಒಳಗಿನ ಆಕಾಶವಂತೂ ಬೆಳ್ಳಗಿದೆ.

ಈ ಕಪ್ಪು ಪಟ್ಟಿಯ ಬಗ್ಗೆ ಕ್ರಿ.ಶ. 200ರ ಸುಮಾರಿಗೇ ಅಲೆಕ್ಸಾಂಡರ್ ಎಂಬ ಗ್ರೀಕ್ ಪಂಡಿತ ಬರೆದಿದ್ದ. ದಂಡೆತ್ತಿ ಬಂದ ಅಲೆಕ್ಸಾಂಡರ್ ಅಲ್ಲ, ಬೇರೆಯವನು. ಇವತ್ತಿಗೂ ಅದಕ್ಕೆ ಅಲೆಕ್ಸಾಂಡರನ ಪಟ್ಟಿ ಅಂತಲೇ ಹೆಸರು. ಕಾರಣ ತಿಳಿಯೋಕೆ ಮಾತ್ರ ಸಾವಿರ ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಮೋಡವೇ ಕನ್ನಡಿಯ ಹಾಗೆ ಬೆಳಕನ್ನು ವಾಪಸ್ ಕಳಿಸುತ್ತದೆ ಎಂದು ಅರಿಸ್ಟಾಟಲ್ ಹೇಳಿದ್ದ. ಒಂದೇ ಒಂದು ಹನಿಯೊಳಗೆ ಏನು ನಡೆಯುತ್ತದೆ ಎಂಬ ಕಡೆಗೆ ಗಮನ ಹೋಗಿದ್ದು ತೀರಾ ತಡವಾಗಿ.

ಹದಿನಾಲ್ಕನೇ ಶತಮಾನದ ಆರಂಭದಲ್ಲಿ ಇಬ್ಬರು ಅದನ್ನೇ ಮಾಡಿದರು. ಜರ್ಮನಿಯ ಪಾದ್ರಿ ಥಿಯೋಡೊರಿಕ್ ಮತ್ತು ಪರ್ಷಿಯಾದ ಕಮಾಲ್ ಅಲ್-ದೀನ್ ಅಲ್-ಫಾರಿಸಿ. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಇಬ್ಬರೂ ದುಂಡನೆಯ ಗಾಜಿನೊಳಗೆ ನೀರು ತುಂಬಿ, ಅದನ್ನೇ ದೊಡ್ಡ ಮಳೆಹನಿ ಅಂದುಕೊಂಡು ಬೆಳಕು ಬಿಟ್ಟು ನೋಡಿದರು. ಬೆಳಕು ಒಳಗೆ ಹೋಗುವಾಗ ಬಾಗುತ್ತದೆ, ಹಿಂದಿನ ಗೋಡೆಗೆ ಬಡಿದು ತಿರುಗುತ್ತದೆ, ಹೊರಗೆ ಬರುವಾಗ ಮತ್ತೆ ಬಾಗುತ್ತದೆ. ಒಂದು ಸಲ ಬಡಿದರೆ ಕೆಳಗಿನ ಬಿಲ್ಲು. ಎರಡು ಸಲ ಬಡಿದರೆ ಮೇಲಿನದು. ಬಣ್ಣ ಉಲ್ಟಾ ಆಗುವುದು ಆ ಇನ್ನೊಂದು ಬಡಿತದಿಂದ. ಪ್ರತಿ ಬಡಿತದಲ್ಲೂ ಒಂದಿಷ್ಟು ಬೆಳಕು ಹನಿಯಿಂದ ಆಚೆ ಸೋರಿಹೋಗುತ್ತದೆ, ಅದಕ್ಕೇ ಮೇಲಿನದು ಮಸುಕು.

ಆದರೆ ಬಿಲ್ಲು ಅಲ್ಲೇ ಯಾಕೆ ನಿಲ್ಲಬೇಕು? ಇದಕ್ಕೆ ಲೆಕ್ಕ ಹಾಕಿದವನು ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್, 1637ರಲ್ಲಿ. ಹನಿಯ ನಡುವಿನಿಂದ ಅಂಚಿನವರೆಗೆ ಬೇರೆ ಬೇರೆ ಕಡೆ ಬೀಳುವ ಕಿರಣಗಳನ್ನು ಒಂದೊಂದಾಗಿ ಹಿಂಬಾಲಿಸಿದ. ನಡುವಿನಿಂದ ಅಂಚಿನ ಕಡೆ ಹೋದಂತೆ ಒಳಹೋದ ಕಿರಣಕ್ಕೂ ಹೊರಬಂದ ಕಿರಣಕ್ಕೂ ನಡುವಿನ ಕೋನ ಏರುತ್ತಾ ಹೋಗುತ್ತದೆ. ಸುಮಾರು 42 ಡಿಗ್ರಿ ಮುಟ್ಟಿ, ಅಲ್ಲಿಂದ ವಾಪಸ್ ಇಳಿಯುತ್ತದೆ. ಜೋಕಾಲಿ ತುದಿಯಲ್ಲಿ ಒಂದು ಗಳಿಗೆ ನಿಂತ ಹಾಗೆ ಇರುತ್ತಲ್ಲ, ಹಾಗೇ ಆ ತಿರುವಿನಲ್ಲಿ ಕಿರಣಗಳು ಗುಂಪುಗೂಡುತ್ತವೆ. ಆ ಗುಂಪೇ ಬಿಲ್ಲು. ಉಳಿದ ಕಿರಣಗಳೆಲ್ಲ 42ಕ್ಕಿಂತ ಒಳಗೆ ಹರಡಿ ಒಳಗಿನ ಆಕಾಶವನ್ನು ಬೆಳ್ಳಗೆ ಮಾಡುತ್ತವೆ. ಎರಡು ಸಲ ಬಡಿದ ಕಿರಣಗಳದ್ದು ತದ್ವಿರುದ್ಧ. ಅವು ಸುಮಾರು 51 ಡಿಗ್ರಿಗಿಂತ ಒಳಗೆ ಬರುವುದೇ ಇಲ್ಲ. ನಡುವಿನ ಜಾಗಕ್ಕೆ ಎರಡೂ ಗುಂಪಿನ ಬೆಳಕಿಲ್ಲ. ಅಲೆಕ್ಸಾಂಡರ್ ಕಂಡ ಕಪ್ಪು ಅದೇ. ಬಣ್ಣಗಳು ಯಾಕೆ ಬೇರೆಯಾಗುತ್ತವೆ ಎಂಬುದು ಉಳಿದಿತ್ತು. ಒಂದೊಂದು ಬಣ್ಣ ಒಂದೊಂದು ಅಳತೆಯಲ್ಲಿ ಬಾಗುತ್ತದೆ ಎಂದು ನ್ಯೂಟನ್ ಆಮೇಲೆ ತೋರಿಸಿದ.

ಈಗ ಹುಡುಗನ ಫೋಟೊಗೆ ಬರೋಣ. ಈ ಕೋನಗಳನ್ನು ಅಳೆಯಬೇಕಾದದ್ದು ನಮ್ಮ ತಲೆಯ ನೆರಳಿನಿಂದ. ದಾವಣಗೆರೆಯಲ್ಲಿ ಆ ದಿನಗಳಲ್ಲಿ ಸಂಜೆ ಐದೂವರೆಗೆ ಸೂರ್ಯ ಸುಮಾರು 8 ಡಿಗ್ರಿ ಎತ್ತರದಲ್ಲಿರುತ್ತಾನೆ. ಅಂದರೆ ನೆರಳಿನ ತುದಿ ದಿಗಂತಕ್ಕಿಂತ 8 ಡಿಗ್ರಿ ಕೆಳಗೆ. ಕೆಳಗಿನ ಬಿಲ್ಲಿನ ನೆತ್ತಿ 34 ಡಿಗ್ರಿಯಲ್ಲಿ, ಮೇಲಿನದು 43ರಲ್ಲಿ. ನಡುವಿನ ಕಪ್ಪು, ಕೈ ಚಾಚಿ ಹಿಡಿದ ಮುಷ್ಟಿಗಿಂತ ತುಸು ಕಡಿಮೆ. ಅದೇ ದಿನ ಮಧ್ಯಾಹ್ನ ಎರಡಕ್ಕೆ ಎಷ್ಟು ಮಳೆ ಬಂದರೂ, ಎಷ್ಟು ಬಿಸಿಲಿದ್ದರೂ ಏರಿ ಮೇಲೆ ನಿಂತವರಿಗೆ ಆಕಾಶದಲ್ಲಿ ಬಿಲ್ಲು ಕಾಣುತ್ತಿರಲಿಲ್ಲ. ಸೂರ್ಯ ಅಷ್ಟು ಮೇಲಿದ್ದರೆ ಬಿಲ್ಲು ಪೂರ್ತಿ ದಿಗಂತದ ಕೆಳಗೆ ಹೋಗಿಬಿಡುತ್ತದೆ.

ಫೋನಿನ ಮಾಮೂಲಿ ಕ್ಯಾಮೆರಾಕ್ಕೆ ಅಡ್ಡಕ್ಕೆ 70 ಡಿಗ್ರಿಯಷ್ಟೇ ಸಿಗುತ್ತದೆ. ಕೆಳಗಿನ ಬಿಲ್ಲಿನ ಪೂರ್ತಿ ಅಗಲವೇ 84. ಅದಕ್ಕೇ ಅವನ ಮೊದಲ ಮೂರು ಫೋಟೊದಲ್ಲಿ ತುಂಡು ಬಿಲ್ಲುಗಳು. ನಾಲ್ಕನೆಯದು ಅಲ್ಟ್ರಾವೈಡ್.

  

ಮರುದಿನ ಅವನು ಯಾವುದೋ ಗ್ರೂಪಿನಲ್ಲಿ ಬಂದ ಇನ್ನೊಂದು ‘ಡಬಲ್’ ಫೋಟೊ ಕಳಿಸಿದ. ಎರಡರಲ್ಲೂ ಕೆಂಪು ಮೇಲೇ ಇತ್ತು, ನಡುವಿನ ಆಕಾಶ ಒಂದಿಷ್ಟೂ ಕಪ್ಪಗಿರಲಿಲ್ಲ. ಕಿಟಕಿ ಗಾಜಿನ ಹಿಂದಿನಿಂದ ತೆಗೆದಿರಬೇಕು, ಇಲ್ಲಾ ಯಾರೋ ಕುಳಿತು ಅಂಟಿಸಿರಬೇಕು. ನಾನು ಹೇಳುವ ಮೊದಲೇ ಅವನೇ ಕೆಳಗೆ ಬರೆದಿದ್ದ: ‘ಮಾವ, ಇದು ಡೂಪು.’