ನಿಲ್ಲವು, ನಿಲ್ಲುವುದಿಲ್ಲ, ನಿಲ್ಲಲಿಲ್ಲ: ‘ಇಲ್ಲ’ ಅನ್ನುವುದಕ್ಕೆ ಕಾಲ ಸೇರಿದ ಬಗೆ

ಹಾಸನ ಜಿಲ್ಲೆಯ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ನಂದಿಸೇನ ಮುನಿಯ ಮರಣದ ನೆನಪಿಗೆ ಕೆತ್ತಿದ ನಿಸಿದಿ ಶಾಸನವಿದೆ. ಕಾಲ ಸುಮಾರು ಕ್ರಿ.ಶ. 700. ರೂಪ, ಧನ, ವಿಭವ ಎಲ್ಲವೂ ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ತೋರಿ ಹರಿದುಹೋಗುತ್ತವೆ, ‘ನಿಲ್ಲವಾರ್ಗಂ’ ಎನ್ನುತ್ತದೆ ಆ ಪದ್ಯ. ನಿಲ್ಲವು ಆರ್ಗಂ, ಅಂದರೆ ಯಾರ ಪಾಲಿಗೂ ನಿಲ್ಲುವುದಿಲ್ಲ. ಅದರ ಹಿಂದೆಯೇ ‘ಮೆಚ್ಚೆ ನಾನ್’ ಎಂಬ ಮಾತು ಬರುತ್ತದೆ: ಈ ಧರಣಿಯಲ್ಲಿರುವುದನ್ನು ನಾನು ಮೆಚ್ಚೆ.

ಒಂದೇ ಪದ್ಯದಲ್ಲಿ ಎರಡು ನಿಷೇಧ ಕ್ರಿಯಾಪದಗಳಿವೆ, ಎರಡರಲ್ಲೂ ಕಾಲಸೂಚಕ ಪ್ರತ್ಯಯವಿಲ್ಲ. ಮುನಿ ಹಿಂದೆ ಮೆಚ್ಚಲಿಲ್ಲವೋ, ಈಗ ಮೆಚ್ಚುತ್ತಿಲ್ಲವೋ, ಮುಂದೂ ಮೆಚ್ಚುವುದಿಲ್ಲವೋ? ಕ್ರಿಯಾಪದ ಅದನ್ನು ಹೇಳುವುದಿಲ್ಲ, ಸಂದರ್ಭ ನೋಡಿ ನಾವೇ ತಿಳಿದುಕೊಳ್ಳಬೇಕು. ಇಂಗ್ಲಿಷಿಗೆ ಅನುವಾದಿಸುವವರಿಗೆ ಈ ಸೌಲಭ್ಯ ಇಲ್ಲ. ‘ಡು ನಾಟ್’ ಬರೆಯಬೇಕು, ಇಲ್ಲವೇ ‘ಡಿಡ್ ನಾಟ್’. ನಡುವೆ ನಿಲ್ಲಲು ಜಾಗವಿಲ್ಲ.

ಹಳಗನ್ನಡದ ಈ ರಚನೆಯನ್ನು ಬಿಡಿಸಿ ನೋಡುವುದು ಸುಲಭ. ‘ಮಾಡಿದೆಂ’ ಎಂದರೆ ಧಾತು, ಭೂತಕಾಲದ ದಕಾರ, ಕೊನೆಗೆ ನಾನು ಎಂಬುದನ್ನು ತಿಳಿಸುವ ‘ಎಂ’. ‘ಮಾಡುವೆಂ’ ಎಂಬಲ್ಲಿ ದಕಾರದ ಜಾಗಕ್ಕೆ ವಕಾರ ಬಂದಿದೆ. ‘ಮಾಡೆಂ’ ಎಂಬಲ್ಲಿ ನಡುವಿನ ಜಾಗ ಖಾಲಿ, ಧಾತುವಿಗೆ ನೇರವಾಗಿ ‘ಎಂ’ ಅಂಟಿದೆ. ಹೊರನೋಟಕ್ಕೆ ಆ ಖಾಲಿ ಜಾಗವೇ ನಿಷೇಧದ ಗುರುತು. ಪೂರ್ತಿ ಖಾಲಿ ಎನ್ನುವಂತೆಯೂ ಇಲ್ಲ: ‘ಮಾಡದು’, ‘ಮಾಡದೆ’ ಎಂಬಲ್ಲಿ ಧಾತುವಿನ ಪಕ್ಕ ಒಂದು ಅಕಾರ ಕೇಳುತ್ತದೆ, ತಮಿಳಿನ ‘ಸೆಯ್ಯಾನ್’ ಎಂಬಲ್ಲಿ ಅದೇ ಸ್ವರ ಉದ್ದವಾಗಿದೆ. ‘ಎಂ’, ‘ಎವು’ಗಳಂಥವುಗಳ ಮುಂದೆ ಅದು ಕಾಣಿಸುವುದಿಲ್ಲ. ದ್ರಾವಿಡ ಭಾಷೆಗಳ ನಿಷೇಧದಲ್ಲಿ ಕಾಲದ ಗುರುತಿಲ್ಲ ಎಂಬುದನ್ನು ಕಾಲ್ಡ್‌ವೆಲ್ 1856ರ ತಮ್ಮ ತೌಲನಿಕ ವ್ಯಾಕರಣದಲ್ಲೇ ಚರ್ಚಿಸಿದ್ದಾರೆ.

ಶಾಲೆಯ ವ್ಯಾಕರಣದಲ್ಲಿ ‘ನಿಷೇಧಾರ್ಥಕ’ ಎಂಬ ತಲೆಬರಹದಡಿ ಬರುವ ಮಾಡೆನು, ಮಾಡನು, ಮಾಡಳು, ಮಾಡರು, ಮಾಡದು ಇದೇ ಗುಂಪಿನವು. ಇಲ್ಲಿ ಒಂದು ಸ್ವರದ ಉದ್ದ ತಪ್ಪಿದರೆ ಅರ್ಥವೇ ತಿರುಗುತ್ತದೆ. ‘ಮಾಡೆನು’ ಎಂದರೆ ಮಾಡುವುದಿಲ್ಲ, ‘ಮಾಡೇನು’ ಎಂದರೆ ಮಾಡಿದರೂ ಮಾಡಬಹುದು.

ಮುಂದಿನ ಶತಮಾನಗಳಲ್ಲಿ ಮಾತಿನ ಕನ್ನಡ ಈ ರೂಪಗಳನ್ನು ಬಹುಮಟ್ಟಿಗೆ ಕೈಬಿಟ್ಟು ‘ಇಲ್ಲ’ವನ್ನು ಹಿಡಿಯಿತು. ಇರುವಿಕೆಯನ್ನು ಅಲ್ಲಗಳೆಯುತ್ತಿದ್ದ ಪದ ಬೇರೆ ಕ್ರಿಯಾಪದಗಳ ಬೆನ್ನಿಗೂ ಬಂತು: ಮಾಡುವುದು ಇಲ್ಲ, ಮಾಡಲು ಇಲ್ಲ, ಮಾಡಿ ಇಲ್ಲ. ಇದರಲ್ಲಿ ಒಂದು ಲಾಭವಿದೆ, ಒಂದು ನಷ್ಟವೂ ಇದೆ. ಮಾಡುವುದಿಲ್ಲ, ಮಾಡಲಿಲ್ಲ, ಮಾಡಿಲ್ಲ, ಮಾಡುತ್ತಿಲ್ಲ ಎಂದು ಕಾಲಗಳು ಬೇರೆಬೇರೆಯಾದವು. ಆದರೆ ಮಾಡೆನು, ಮಾಡನು, ಮಾಡಳು ಎಂಬ ವ್ಯತ್ಯಾಸ ಹೋಯಿತು. ನಾನೂ ಮಾಡಲಿಲ್ಲ, ಅವಳೂ ಮಾಡಲಿಲ್ಲ, ದನವೂ ಮಾಡಲಿಲ್ಲ. ಬರೀ ‘ಮಾಡಲಿಲ್ಲ’ ಎಂದರೆ ಯಾರು ಎಂದು ಕೇಳಬೇಕಾಗುತ್ತದೆ. ‘ಮಾಡೆನು’ ಎಂದರೆ ಆ ಪ್ರಶ್ನೆ ಏಳುತ್ತಿರಲಿಲ್ಲ.

ಹೊಸ ರೂಪಗಳು ಎಷ್ಟು ನಯವಾಗಿ ಕೆಲಸ ಮಾಡುತ್ತವೆ ಎಂಬುದು ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಮಾರ್ಚ್, ಏಪ್ರಿಲ್ ಹೊತ್ತಿಗೆ ಗೊತ್ತಾಗುತ್ತದೆ. ಕಾಫಿ ಗಿಡ ಹೂಬಿಡಲು ಬೇಕಾದ ಮಳೆಯೇ ಹೂಮಳೆ. ‘ಹೂಮಳೆ ಬಂದಿಲ್ಲ’ ಎಂದರೆ ಇನ್ನೂ ಸಮಯವಿದೆ, ಕಾಯೋಣ ಎಂದರ್ಥ. ‘ಈ ಸಲ ಹೂಮಳೆ ಬರಲಿಲ್ಲ’ ಎಂದರೆ ಲೆಕ್ಕ ಮುಗಿಯಿತು, ಹೂವಿನ ಕಾಲ ದಾಟಿತು. ‘ಇವತ್ತು ಬರಲ್ಲ’ ಎಂಬುದು ಮೋಡ ನೋಡಿ ಹೇಳಿದ ಮಾತು. ಹಳೆಯ ‘ಬಾರದು’ ಇವೆಲ್ಲವನ್ನೂ ಒಂದರಲ್ಲೇ ಮುಗಿಸುತ್ತಿತ್ತು. ತಮಾಷೆ ಎಂದರೆ ‘ಬರಲಿಲ್ಲ’ದ ಒಳಗೆ ಭೂತಕಾಲದ ಗುರುತೇ ಇಲ್ಲ. ‘ಬರಲು’, ‘ಇಲ್ಲ’ ಎರಡೂ ಕಾಲದ ವಿಷಯದಲ್ಲಿ ಮೂಕ, ಕೂಡಿದಾಗ ಮಾತ್ರ ಭೂತಕಾಲ ಹೊರಡುತ್ತದೆ. ಫೋನಿನಲ್ಲಿ ‘ಬರ್ಲಿಲ್ಲ’, ‘ಬರಲ್ಲ’ಗಳ ನಡುವಿನ ಒಂದು ‘ಲಿ’ ನುಂಗಿಹೋದರೆ ನಿನ್ನೆಯ ಸುದ್ದಿ ನಾಳೆಯದಾಗುತ್ತದೆ.

ಇಂಗ್ಲಿಷಿನ ದಾರಿ ಬೇರೆ. ಅದರ ಹಳೆಯ ನಿಷೇಧ ಕ್ರಿಯಾಪದದ ಮುಂದೆ ನಿಲ್ಲುತ್ತಿದ್ದ ‘ನೆ’. ಆಮೇಲೆ ‘ಏನೂ ಇಲ್ಲ’ ಎಂಬರ್ಥದ ಮಾತಿನಿಂದ ಬಂದ ‘ನಾಟ್’ ಒತ್ತು ಕೊಡಲು ಕ್ರಿಯಾಪದದ ಹಿಂದೆ ಸೇರಿತು, ‘ನೆ’ ಸವೆದುಹೋಯಿತು. ‘ಐ ಸೇ ನಾಟ್’ ಎಂಬುದು ಆಗ ಸರಿಯಾದ ವಾಕ್ಯ, ಕಾಲದ ಗುರುತು ಮುಖ್ಯ ಕ್ರಿಯಾಪದದ ಮೇಲೇ ಇತ್ತು. ‘ಡು’ ಹದಿನಾರನೆಯ ಶತಮಾನದಲ್ಲಿ ಹೆಚ್ಚುತ್ತಾ ಬಂದು, ಆ ಶತಮಾನದ ಕೊನೆಯ ಭಾಗದಲ್ಲಿ ನಿಷೇಧ ವಾಕ್ಯಗಳಲ್ಲಿ ತುಸು ಹಿಂದೆ ಸರಿದು, ಆಮೇಲೆ ಮತ್ತೆ ಏರಿತು. ಈ ಏರಿಳಿತವನ್ನು ಹಳೆಯ ಬರಹಗಳಿಂದ ಎಣಿಸಿ ತೋರಿಸಿದವರು ಸ್ವೀಡನ್ನಿನ ಭಾಷಾವಿಜ್ಞಾನಿ ಅಲ್ವಾರ್ ಎಲ್ಲೆಗೋರ್ಡ್, 1953ರಲ್ಲಿ. ಎಲ್ಲರಿಗಿಂತ ತಡವಾಗಿ ಮಣಿದ ಕ್ರಿಯಾಪದಗಳಲ್ಲಿ ‘ನೋ’ ಒಂದು. ‘ಐ ನೋ ನಾಟ್’ ಬಹುಕಾಲ ಉಳಿಯಿತು. ಕನ್ನಡದಲ್ಲೂ ಹಳೆಯ ರೂಪವನ್ನು ಬಿಡದವುಗಳಲ್ಲಿ ‘ಅರಿಯೆ’ ಇದೆ, ಜೊತೆಗೆ ಒಲ್ಲೆ, ಮಾಡಲಾರೆ, ಸಲ್ಲದು, ಕೂಡದು. ಎರಡು ಭಾಷೆಗಳಿಗೂ ಸಂಬಂಧವಿಲ್ಲ. ದಿನಬಳಕೆಯಲ್ಲಿ ಸಿದ್ಧವಾಗಿ ಬಾಯಿಗೆ ಬರುವ ಮಾತು ಬದಲಾಗಲು ತಡ, ಅಷ್ಟೇ.

‘ಡು’ ಬಂದ ಮೇಲೆ ಇಂಗ್ಲಿಷಿನಲ್ಲಿ ಕಾಲವೂ ಪುರುಷವೂ ಅದರ ಹೆಗಲಿಗೆ ಹೋದವು: ಡಸ್, ಡಿಡ್. ಮುಖ್ಯ ಕ್ರಿಯಾಪದ ಬರಿಗೈಯಾಯಿತು. ನಮ್ಮ ‘ಇಲ್ಲ’ ಅಂಥದ್ದೇನನ್ನೂ ಹೊರುವುದಿಲ್ಲ, ಯಾವ ಕಾಲಕ್ಕೂ ಯಾರಿಗೂ ‘ಇಲ್ಲ’ವೇ. ಬದಲಾಗುವುದೇನಿದ್ದರೂ ಅದಕ್ಕೆ ಮೊದಲು ಬರುವ ಭಾಗ. ಕನ್ನಡದ ಮಕ್ಕಳು ‘ಐ ಡಿಡ್ ನಾಟ್ ವೆಂಟ್’ ಎಂದು ಬರೆಯಲು ಇದೂ ಒಂದು ಕಾರಣವಿದ್ದೀತು. ‘ಹೋಗಿಲ್ಲ’, ‘ಬಂದಿಲ್ಲ’ಗಳಲ್ಲಿ ಕಾಲದ ಸುಳಿವು ಮುಖ್ಯ ಕ್ರಿಯಾಪದದ ಕಡೆಗಿರುತ್ತದೆ, ಅದೇ ಅಭ್ಯಾಸದಲ್ಲಿ ‘ವೆಂಟ್’ ಹಾಗೇ ಉಳಿದುಬಿಡುತ್ತದೆ. ತಿದ್ದುವಾಗ ‘ತಪ್ಪು’ ಎಂದು ಗೆರೆ ಎಳೆದರೆ ಸಾಲದು. ಮೊದಲು ‘ವೆಂಟ್’ ಬರೆಸಿ, ಅದನ್ನು ‘ಡಿಡ್’ ಮತ್ತು ‘ಗೋ’ ಎಂದು ಎರಡಾಗಿ ಒಡೆಸಿ, ನಡುವೆ ‘ನಾಟ್’ ಇಡಿಸಬೇಕು. ಇನ್ನೊಂದು ತಪ್ಪು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ: ‘ಬಂದಿಲ್ಲ’ಕ್ಕೂ ‘ಡಿಡ್ ನಾಟ್ ಕಮ್’ ಬರೆಯುವುದು. ವ್ಯಾಕರಣ ಸರಿ, ಆದರೆ ಇನ್ನೂ ಕಾಯುತ್ತಿರುವ ಮಳೆಯನ್ನು ಕೈಬಿಟ್ಟಂತಾಯಿತು. ಅಲ್ಲಿ ಬೇಕಾದದ್ದು ‘ಹ್ಯಾಸ್ ನಾಟ್ ಕಮ್’.

ಹಾಗಾದರೆ ಕನ್ನಡದಲ್ಲಿ ‘ಡು’ಗೆ ಹತ್ತಿರದ್ದು ಯಾವುದು? ‘ಇಲ್ಲ’ ಅಲ್ಲ, ‘ಇರು’. ಹಳೆಯ ಕಾಲರಹಿತ ನಿಷೇಧ ಇಂದಿಗೂ ಗಟ್ಟಿಯಾಗಿ ನಿಂತಿರುವುದು ‘ಬಾರದ’, ‘ಬಾರದೆ’ಗಳಲ್ಲಿ. ಬಂದ ಮಳೆ, ಬರುವ ಮಳೆ ಎಂದು ಎರಡು ಇರುವಲ್ಲಿ ನಿಷೇಧಕ್ಕೆ ‘ಬಾರದ ಮಳೆ’ ಒಂದೇ. ಕಾಲ ಹೇಳಲೇಬೇಕಾದಾಗ ಕನ್ನಡ ‘ಬಾರದೆ’ಯನ್ನು ಮುಟ್ಟದೆ ಪಕ್ಕಕ್ಕೆ ‘ಇರು’ವನ್ನು ತರುತ್ತದೆ: ಹೋದ ವರ್ಷ ಬಾರದಿದ್ದ ಮಳೆ, ಈ ವರ್ಷ ಇನ್ನೂ ಬಾರದಿರುವ ಮಳೆ. ನಿಷೇಧ ಒಂದು ಕಡೆ, ಕಾಲ ಹೊರುವ ಸಹಾಯಕ ಇನ್ನೊಂದು ಕಡೆ. ‘ಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹಾಕೋಣ’ ಎನ್ನುವ ಬೆಳೆಗಾರ ‘ಡು’ವಿನ ಕೆಲಸವನ್ನು ‘ಇರು’ವಿನಿಂದಲೇ ಮಾಡಿಸಿಕೊಂಡಿರುತ್ತಾನೆ.